ಪರೇಡಿನ ಸಾಲಿನಿಂದ ಕಟಕಟೆಯವರೆಗೆ: ಅಪರಿಚಿತ ಆರೋಪಿಯನ್ನು ಗುರುತಿಸಬೇಕಾದ ಸಾಕ್ಷಿಗೆ ಮಾರ್ಗದರ್ಶಿ

ಮನೆಗೆ ನುಗ್ಗಿ ದೋಚಿದವನು ನಿಮಗೆ ಮೊದಲೇ ಗೊತ್ತಿದ್ದವನಾದರೆ ದೂರಿನಲ್ಲಿ ಅವನ ಹೆಸರು ಬರೆಸುತ್ತೀರಿ; ಗುರುತು ಹಿಡಿಯುವ ಪ್ರಶ್ನೆಯೇ ಏಳುವುದಿಲ್ಲ. ಅವನು ಯಾರೋ ಅಪರಿಚಿತನಾಗಿದ್ದರೆ ಮಾತ್ರ ಇಡೀ ಪ್ರಕರಣ ನಿಮ್ಮ ಕಣ್ಣಿನ ನೆನಪಿನ ಮೇಲೆ ನಿಲ್ಲುತ್ತದೆ. ಆ ದಿನ ನೀವು ಕಂಡವನೂ ಪೊಲೀಸರು ಹಿಡಿದು ತಂದವನೂ ಒಬ್ಬನೇ ಎಂಬುದನ್ನು ನ್ಯಾಯಾಲಯ ನಿಮ್ಮ ಬಾಯಿಂದಲೇ ಕೇಳಬೇಕು. ಅದಕ್ಕೆ ಮುಂಚೆ, ಹಲವರ ಸಾಲಿನಲ್ಲಿ ನಿಂತ ಅವನನ್ನು ನೀವು ಆರಿಸಬಲ್ಲಿರಾ ಎಂದು ನೋಡುವ ಪರೀಕ್ಷೆಯೇ ಗುರುತು ಪತ್ತೆ ಪರೇಡ್.

ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಪರೇಡಿನಲ್ಲಿ ನೀವು ಕೈ ತೋರಿಸಿದ್ದು ಮುಖ್ಯ ಸಾಕ್ಷ್ಯವಲ್ಲ. ಸಾಕ್ಷಿ ಕಟಕಟೆಯಲ್ಲಿ ಪ್ರಮಾಣ ಮಾಡಿ ‘ಇವನೇ’ ಎಂದು ಹೇಳುವ ಮಾತೇ ಮುಖ್ಯ ಸಾಕ್ಷ್ಯ. ಪರೇಡ್ ಆ ಮಾತಿಗೆ ಬೆಂಬಲ ಮಾತ್ರ. ಸುಪ್ರೀಂ ಕೋರ್ಟ್ 1960ರಲ್ಲಿ ವೈಕುಂಠಂ ಚಂದ್ರಪ್ಪ ಪ್ರಕರಣದಲ್ಲಿ ಇದನ್ನು ಹೇಳಿತು, ಅಂದಿನಿಂದ ಇಂದಿನವರೆಗೂ ಅದೇ ನಿಲುವು ಉಳಿದಿದೆ. ಹಾಗಿದ್ದರೂ ಪರೇಡ್ ಬೇಕಾಗುವುದು ಏಕೆಂದರೆ, ಕಟಕಟೆಯಲ್ಲಿ ನಿಂತ ಆರೋಪಿಯನ್ನು ತೋರಿಸುವುದು ಯಾರಿಗೂ ಕಷ್ಟವಲ್ಲ. ಪಕ್ಕದಲ್ಲಿ ಪೊಲೀಸ್ ಪೇದೆ ನಿಂತಿರುತ್ತಾರೆ, ಹೆಸರು ಕೂಗಿದಾಗ ಎದ್ದು ಬಂದವನು ಅವನೊಬ್ಬನೇ. ಘಟನೆಯನ್ನು ನೋಡದವರೂ ಅವನತ್ತ ಬೆರಳು ತೋರಿಸಬಲ್ಲರು. ಆ ಬೆರಳಿಗೆ ಬೆಲೆ ಬರುವುದು, ಅವನಂತೆಯೇ ಕಾಣುವ ಹಲವರ ನಡುವಿನಿಂದ ನೀವು ಅವನನ್ನು ಮೊದಲೇ ಒಮ್ಮೆ ಆರಿಸಿದ್ದಾಗ.

ಒಂದು ಕಾಲ್ಪನಿಕ ಪ್ರಕರಣವನ್ನು ಹಿಡಿದು ಹೋಗೋಣ. ಹಾಸನದ ಹೊರವಲಯದ ಒಂದು ಬಡಾವಣೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೀರಿನ ಫಿಲ್ಟರ್ ರಿಪೇರಿಗೆ ಬಂದವರೆಂದು ಹೇಳಿ ಇಬ್ಬರು ಒಳಗೆ ಬರುತ್ತಾರೆ. ಮನೆಯಲ್ಲಿ ಸರೋಜಮ್ಮ ಒಬ್ಬರೇ. ಒಬ್ಬ ಅಡುಗೆಮನೆಯಲ್ಲಿ ಅವರೊಂದಿಗೆ ಮಾತನಾಡುತ್ತಾ ನಿಲ್ಲುತ್ತಾನೆ, ಇನ್ನೊಬ್ಬ ಬಾಗಿಲು ಹಾಕುತ್ತಾನೆ. ಕೈ ಕಟ್ಟಿ, ಸರ ಬಳೆ ಬಿಚ್ಚಿಸಿಕೊಂಡು ಹೋಗಲು ಅವರಿಗೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಅವರು ಬೈಕ್ ಹತ್ತುವಾಗ ಎದುರು ಮನೆಯ ನಾಗರಾಜಪ್ಪ ಗೇಟಿನ ಹತ್ತಿರದಿಂದ ಒಂದೆರಡು ಕ್ಷಣ ನೋಡುತ್ತಾರೆ. ಒಬ್ಬರು ಹತ್ತಿರದಿಂದ ಹತ್ತು ನಿಮಿಷ ನೋಡಿದವರು, ಇನ್ನೊಬ್ಬರು ದೂರದಿಂದ ಕ್ಷಣಕಾಲ ಕಂಡವರು. ಈ ವ್ಯತ್ಯಾಸ ಕೊನೆಯವರೆಗೂ ಉಳಿಯುತ್ತದೆ.

ದೂರು ಬರೆಸುವಾಗಲೇ ಚಹರೆ ಹೇಳಿ

ಗುರುತಿಸುವ ಕೆಲಸ ಶುರುವಾಗುವುದು ಠಾಣೆಯ ಮೇಜಿನ ಮುಂದೆ. ‘ಇಬ್ಬರು ಅಪರಿಚಿತರು’ ಎಂದಷ್ಟೇ ಬರೆಸಿದ ದೂರು ಮುಂದೆ ನಿಮ್ಮನ್ನೇ ಕಟ್ಟಿಹಾಕುತ್ತದೆ. ವಯಸ್ಸು ಸುಮಾರು ಎಷ್ಟು, ಎತ್ತರ, ಮೈಕಟ್ಟು, ಮೈಬಣ್ಣ, ಮೀಸೆ ಗಡ್ಡ, ಮುಖದ ಮೇಲಿನ ಗಾಯದ ಗುರುತು, ಯಾವ ಭಾಷೆ, ಮಾತಿನ ಧಾಟಿ, ಇವೆಲ್ಲ ನೆನಪಿದ್ದಷ್ಟು ಅಂದೇ ಬರೆಸಬೇಕು. ಮತ್ತೆ ನೋಡಿದರೆ ಗುರುತಿಸುತ್ತೀರಾ ಎಂಬುದನ್ನೂ ಸೇರಿಸಬೇಕು. ನೆನಪಿಲ್ಲದ್ದನ್ನು ತುಂಬಿಸಬಾರದು, ಆಮೇಲೆ ಸಿಕ್ಕವನಿಗೆ ಮೀಸೆ ಇಲ್ಲದಿದ್ದರೆ, ಊಹೆಯಿಂದ ಬರೆಸಿದ ಮೀಸೆ ನಿಮ್ಮ ನಿಜವಾದ ನೆನಪನ್ನೂ ಅನುಮಾನಕ್ಕೆ ತಳ್ಳುತ್ತದೆ.

2022ರ ಅಮ್ರಿಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದರೋಡೆಯ ಶಿಕ್ಷೆಯನ್ನು ರದ್ದು ಮಾಡಿದ್ದರ ಹಿಂದೆ ಈ ಕೊರತೆಯೂ ಇತ್ತು. ಮೊದಲ ಮಾಹಿತಿಯಲ್ಲಿ ಆರೋಪಿಗಳ ಚಹರೆ ಇರಲಿಲ್ಲ, ಪರೇಡ್ ನಡೆದಿರಲಿಲ್ಲ, ಸಾಕ್ಷಿ ಅವರನ್ನು ಗುರುತಿಸಿದ್ದು ನೇರವಾಗಿ ನ್ಯಾಯಾಲಯದಲ್ಲಿ.

ಸರೋಜಮ್ಮ ತಮ್ಮ ದೂರಿನಲ್ಲಿ, ಮಾತನಾಡಿದವನಿಗೆ ಮೂವತ್ತರ ಆಸುಪಾಸು, ತೆಳ್ಳನೆಯ ಮೈ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ ಎಂದು ಬರೆಸಿದ್ದಾರೆ ಎಂದುಕೊಳ್ಳೋಣ. ಬಾಗಿಲು ಹಾಕಿದವನ ಬಗ್ಗೆ ದಪ್ಪಗಿದ್ದ ಎಂಬುದರ ಹೊರತು ಏನೂ ಹೇಳಲು ಆಗಿಲ್ಲ, ಅದನ್ನೂ ಹಾಗೆಯೇ ಬರೆಸಿದ್ದಾರೆ.

ಬಂಧನದಿಂದ ಪರೇಡಿನವರೆಗಿನ ದಿನಗಳು

ಹೆಚ್ಚಿನ ಪರೇಡುಗಳು ಕೆಡುವುದು ಪರೇಡಿನ ದಿನ ಅಲ್ಲ, ಅದಕ್ಕೆ ಮುಂಚಿನ ದಿನಗಳಲ್ಲಿ. ಆರೋಪಿಯನ್ನು ಹಿಡಿದ ಮೇಲೆ ಸಾಕ್ಷಿ ಅವನ ಮುಖವನ್ನು ಎಲ್ಲಿಯೂ ನೋಡಬಾರದು. ಠಾಣೆಯಿಂದ ನ್ಯಾಯಾಲಯಕ್ಕೆ, ಅಲ್ಲಿಂದ ಜೈಲಿಗೆ ಸಾಗಿಸುವಾಗ ಅವನ ಮುಖಕ್ಕೆ ಮುಸುಕು ಹಾಕಿರಬೇಕು. ಯಾವಾಗಿನಿಂದ ಯಾವಾಗಿನವರೆಗೆ ಮುಸುಕು ಹಾಕಿತ್ತು ಎಂಬುದು ಪೊಲೀಸ್ ದಾಖಲೆಯಲ್ಲಿ ಇರಬೇಕು. ಮುಸುಕು ಹಾಕಿದ್ದೆವು ಎಂದು ವರ್ಷಗಳ ನಂತರ ಬಾಯಿಮಾತಿನಲ್ಲಿ ಹೇಳಿದರೆ ಪಾಟಿ ಸವಾಲಿನಲ್ಲಿ ಅದು ನಿಲ್ಲುವುದು ಕಷ್ಟ.

ಆದರೆ ನಮ್ಮಲ್ಲಿ ನಡೆಯುವುದೇನು? ಕಳ್ಳರನ್ನು ಹಿಡಿದ ಮರುದಿನವೇ ವಶಪಡಿಸಿಕೊಂಡ ಒಡವೆಗಳನ್ನು ಮೇಜಿನ ಮೇಲೆ ಹರಡಿ, ಹಿಂದೆ ಆರೋಪಿಗಳನ್ನು ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ಅದು ಪತ್ರಿಕೆಯಲ್ಲಿ ಬರುತ್ತದೆ, ಟಿ.ವಿ.ಯಲ್ಲಿ ಬರುತ್ತದೆ, ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತದೆ. ಒಂದು ದಿನದ ಸುದ್ದಿಗಾಗಿ ತನಿಖೆಯ ಮುಖ್ಯ ಆಧಾರವನ್ನೇ ಹಾಳುಮಾಡುವ ಈ ಅಭ್ಯಾಸ ನಿಲ್ಲಬೇಕು. ಸಾಕ್ಷಿಯಾದ ನೀವು ಅಂಥ ಚಿತ್ರ ಕಂಡರೆ ನೋಡದೆ ಮುಂದೆ ಹೋಗಿ. ಕಣ್ಣಿಗೆ ಬಿದ್ದೇ ಬಿಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ‘ಒಮ್ಮೆ ಠಾಣೆಗೆ ಬಂದು ನೋಡಿ, ಇವನೇ ಅಲ್ಲವೇ?’ ಎಂದು ಯಾರಾದರೂ ಕರೆದರೆ, ಪರೇಡಿನಲ್ಲಿಯೇ ನೋಡುತ್ತೇನೆ ಎಂದು ಹೇಳುವುದೇ ನಿಮಗೂ ತನಿಖೆಗೂ ಒಳ್ಳೆಯದು. ಆರೋಪಿ ಯಾರೆಂದು ಇನ್ನೂ ತಿಳಿಯದಿದ್ದಾಗ ಹಳೆಯ ಅಪರಾಧಿಗಳ ಫೋಟೋಗಳನ್ನು ಸಾಕ್ಷಿಗೆ ತೋರಿಸುವುದು ಬೇರೆ ಮಾತು. ಅದು ತನಿಖೆಗೆ ದಾರಿ ಹುಡುಕುವ ಕ್ರಮ. ಆದರೂ ಯಾವ ಫೋಟೋ, ಯಾವಾಗ ತೋರಿಸಿದರು ಎಂಬುದು ದಾಖಲಾಗಿರಬೇಕು.

ಈ ಹಂತದ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಗಿರೀಶನ್ ನಾಯರ್ ಪ್ರಕರಣವನ್ನು ನೋಡಬೇಕು. 2000ದ ಜುಲೈನಲ್ಲಿ ತಿರುವನಂತಪುರದಲ್ಲಿ ಪ್ರೀ-ಡಿಗ್ರಿ ತರಗತಿಗಳನ್ನು ಕಾಲೇಜುಗಳಿಂದ ಬೇರ್ಪಡಿಸುವುದರ ವಿರುದ್ಧ ನಡೆದ ಪ್ರತಿಭಟನೆ ಹಿಂಸೆಗೆ ತಿರುಗಿತು. ಸಾರಿಗೆ ಸಂಸ್ಥೆಯ ಬಸ್ಸುಗಳ ಮೇಲೆ ದಾಳಿಯಾಗಿ ಒಬ್ಬ ನಿರ್ವಾಹಕರು ಪ್ರಾಣ ಕಳೆದುಕೊಂಡರು. ಗುಂಪಿನಲ್ಲಿ ಯಾರಿದ್ದರು ಎಂಬುದಕ್ಕೆ ಗುರುತು ಪತ್ತೆಯೇ ಆಧಾರ. ಪರೇಡುಗಳೂ ನಡೆದವು. ಆದರೆ ಅದಕ್ಕೆ ಮೊದಲೇ, ಆರೋಪಿಗಳು ಪೊಲೀಸ್ ವಶದಲ್ಲಿದ್ದಾಗ, ಸಾಕ್ಷಿಗಳಿಗೆ ಅವರನ್ನು ನೋಡುವ ಅವಕಾಶ ಸಿಕ್ಕಿತ್ತು ಎಂಬುದು ಸಾಕ್ಷ್ಯದಲ್ಲೇ ಹೊರಬಿತ್ತು. 2022ರ ನವೆಂಬರ್ 11ರಂದು ಸುಪ್ರೀಂ ಕೋರ್ಟ್, ಹಾಗೆ ನೋಡಿದ ಮೇಲೆ ನಡೆದ ಪರೇಡಿಗೆ ಅರ್ಥವಿಲ್ಲ, ಅದರ ಮೇಲೆ ನಿಂತ ನ್ಯಾಯಾಲಯದ ಗುರುತಿಸುವಿಕೆಯನ್ನೂ ನಂಬಲಾಗದು ಎಂದು ಹೇಳಿ ಮೇಲ್ಮನವಿದಾರರನ್ನು ಬಿಡುಗಡೆ ಮಾಡಿತು. ಒಬ್ಬ ಮನುಷ್ಯ ಸತ್ತಿದ್ದ. ಇಪ್ಪತ್ತೆರಡು ವರ್ಷ ಕಳೆದಿದ್ದವು.

ತಡವೂ ಇದೇ ಕಾರಣಕ್ಕೆ ಮುಖ್ಯ. ಬಂಧನವಾದ ಇಷ್ಟೇ ದಿನಗಳೊಳಗೆ ಪರೇಡ್ ನಡೆಯಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ದಿನ ಕಳೆದಷ್ಟೂ ನೆನಪು ಮಸುಕಾಗುತ್ತದೆ, ಆರೋಪಿಯನ್ನು ನೋಡುವ ಸಂದರ್ಭಗಳು ಹೆಚ್ಚುತ್ತವೆ. ತಡಕ್ಕೆ ತನಿಖಾಧಿಕಾರಿ ಒಪ್ಪುವಂಥ ಕಾರಣ ಕೊಡಬೇಕಾಗುತ್ತದೆ.

ಪರೇಡಿನ ದಿನ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಮಿನಂತೆ, ಠಾಣಾಧಿಕಾರಿಯ ಕೋರಿಕೆಯ ಮೇಲೆ ನ್ಯಾಯಾಲಯವು ಬಂಧಿತನನ್ನು ಗುರುತು ಪತ್ತೆಗೆ ಒಳಪಡಿಸಲು ಆದೇಶಿಸಬಹುದು. ಅದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 54ಎ ಕಲಮಾಗಿತ್ತು. ಗುರುತಿಸುವವರು ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ ಉಳ್ಳವರಾದರೆ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆಯಲ್ಲಿ, ಅವರಿಗೆ ಅನುಕೂಲವಾದ ರೀತಿಯಲ್ಲಿ, ಧ್ವನಿ-ದೃಶ್ಯ ದಾಖಲೆಯೊಂದಿಗೆ ಅದು ನಡೆಯಬೇಕು.

ಕರ್ನಾಟಕದಲ್ಲಿ ಪರೇಡ್ ನಡೆಸಲು ಸಾಮಾನ್ಯವಾಗಿ ಬರುವವರು ತಾಲ್ಲೂಕು ದಂಡಾಧಿಕಾರಿಯೂ ಆಗಿರುವ ತಹಶೀಲ್ದಾರ್. ಆರೋಪಿ ನ್ಯಾಯಾಂಗ ಬಂಧನದಲ್ಲಿದ್ದರೆ ಸ್ಥಳ ಜೈಲು. ಹಾಗಾಗಿ ಸರೋಜಮ್ಮ ಮತ್ತು ನಾಗರಾಜಪ್ಪ ಜಿಲ್ಲಾ ಕಾರಾಗೃಹಕ್ಕೆ ಬರಬೇಕೆಂಬ ಸೂಚನಾ ಪತ್ರ ಬರುತ್ತದೆ.

ಅಲ್ಲಿ ಮೊದಲು ಇಬ್ಬರನ್ನೂ ಆರೋಪಿಗಳು ಕಾಣದ ಕೋಣೆಯಲ್ಲಿ ಕೂರಿಸುತ್ತಾರೆ. ಒಳಗೆ ತಹಶೀಲ್ದಾರರು ಸಾಲು ಸಿದ್ಧಪಡಿಸುತ್ತಾರೆ. ಆರೋಪಿಯ ವಯಸ್ಸು, ಎತ್ತರ, ಮೈಕಟ್ಟು, ಉಡುಪಿಗೆ ಹತ್ತಿರವಾದ ಬೇರೆ ವ್ಯಕ್ತಿಗಳನ್ನು ಅವನೊಂದಿಗೆ ನಿಲ್ಲಿಸಬೇಕು. ಎಷ್ಟು ಜನ? ಮುಂಬೈ ಹೈಕೋರ್ಟಿನ ಕ್ರಿಮಿನಲ್ ಕೈಪಿಡಿ ಒಬ್ಬ ಆರೋಪಿಗೆ ಕನಿಷ್ಠ ಆರು ಮಂದಿ, ಇಬ್ಬರಿಗೆ ಹತ್ತು-ಹನ್ನೆರಡು ಮಂದಿ ಎನ್ನುತ್ತದೆ. ಆ ಪ್ರಮಾಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಸಂಖ್ಯೆಗಿಂತಲೂ ಮುಖ್ಯವಾದದ್ದು ಹೋಲಿಕೆ. 1999ರ ರಾಜೇಶ್ ಗೋವಿಂದ್ ಜಗೇಶ ಪ್ರಕರಣದಲ್ಲಿ ಗಡ್ಡ, ಉದ್ದ ಕೂದಲು ಇದ್ದ ಆರೋಪಿಯ ಪಕ್ಕ ಅಂಥವರು ಯಾರೂ ನಿಂತಿರಲಿಲ್ಲ. ಸುಪ್ರೀಂ ಕೋರ್ಟ್ ಆ ಪರೇಡನ್ನು ನಂಬಲಿಲ್ಲ.

ನಮ್ಮ ಪ್ರಕರಣದ ಆರೋಪಿಯ ಹುಬ್ಬಿನ ಮೇಲೆ ಗಾಯದ ಗೆರೆ ಇದೆ, ದೂರಿನಲ್ಲೂ ಅದೇ ಇದೆ. ಅವನನ್ನು ಹಾಗೆಯೇ ನಿಲ್ಲಿಸಿದರೆ ಸರೋಜಮ್ಮ ಮುಖ ನೋಡದೆ ಗೆರೆ ನೋಡಿಯೇ ಆರಿಸಿದರು ಎಂಬ ಆಕ್ಷೇಪ ಖಂಡಿತ ಬರುತ್ತದೆ. ಇದಕ್ಕೆ ಉಪಾಯ ಸರಳ: ಸಾಲಿನಲ್ಲಿರುವ ಪ್ರತಿಯೊಬ್ಬರ ಎಡ ಹುಬ್ಬಿಗೂ ಒಂದೇ ಅಳತೆಯ ಕಾಗದ ಅಥವಾ ಪ್ಲಾಸ್ಟರ್ ಅಂಟಿಸಬೇಕು, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಬೇಕು.

ತಾನು ಎಲ್ಲಿ ನಿಲ್ಲಬೇಕೆಂದು ಆರೋಪಿಯೇ ಆರಿಸಿಕೊಳ್ಳುತ್ತಾನೆ. ಒಬ್ಬ ಸಾಕ್ಷಿ ನೋಡಿ ಹೋದ ಮೇಲೆ ಜಾಗ ಬದಲಿಸಬಹುದು, ಅಂಗಿಯನ್ನೂ ಬದಲಿಸಬಹುದು. ನೋಡಿ ಮುಗಿಸಿದ ಸಾಕ್ಷಿ ಕಾಯುತ್ತಿರುವ ಸಾಕ್ಷಿಯ ಕೋಣೆಗೆ ಮರಳಬಾರದು. ಪೊಲೀಸರು ಪರೇಡಿನ ಸ್ಥಳದಲ್ಲಿ ಇರಲೇಬಾರದು. ಅವರ ಮುಂದೆ ಸಾಕ್ಷಿ ಬೆರಳು ತೋರಿಸಿದರೆ ಅದು ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಯಂತಾಗಿ, ಸಾಕ್ಷ್ಯವಾಗಿ ಬಳಸಲು ಬಾರದು. ರಾಮಕಿಶನ್ ಮಿಠಾಣ್‌ಲಾಲ್ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದ ನಿಯಮ ಇದು.

ಸಾಲಿನ ಮುಂದೆ ಹೋದಾಗ ಅವಸರ ಬೇಡ. ಪ್ರತಿ ಮುಖವನ್ನೂ ನೋಡಿ. ಘಟನೆಯಲ್ಲಿದ್ದವನು ಸಾಲಿನಲ್ಲಿ ಇದ್ದೇ ಇರಬೇಕೆಂದೇನೂ ಇಲ್ಲ ಎಂಬುದನ್ನು ನೆನಪಿಡಿ. ಯಾರನ್ನಾದರೂ ಆರಿಸಿಯೇ ತೀರಬೇಕೆಂಬ ಒತ್ತಡದಲ್ಲೇ ಅಮಾಯಕರು ಸಿಕ್ಕಿಬೀಳುತ್ತಾರೆ. ಗುರುತಿಸಿದರೆ ಅವನು ಏನು ಮಾಡಿದ ಎಂಬುದನ್ನೂ ಹೇಳಿ. ಬರಿಯ ‘ಇವನು’ ಎಂಬುದಕ್ಕಿಂತ ‘ಅಡುಗೆಮನೆಯಲ್ಲಿ ನನ್ನೊಂದಿಗೆ ಮಾತನಾಡುತ್ತಾ ನಿಂತವನು, ಬಳೆ ಬಿಚ್ಚಿಸಿದವನು ಇವನು’ ಎಂಬುದಕ್ಕೆ ತೂಕ ಹೆಚ್ಚು. ಗುರುತು ಸಿಗದಿದ್ದರೆ ಸಿಗಲಿಲ್ಲ ಎನ್ನಿ. ಅನುಮಾನವಿದ್ದರೆ ಅನುಮಾನವೆನ್ನಿ.

ಸರೋಜಮ್ಮ ತೆಳ್ಳನೆಯವನನ್ನು ಗುರುತಿಸಿದರು, ದಪ್ಪಗಿದ್ದವನನ್ನು ಗುರುತಿಸಲಾಗಲಿಲ್ಲ. ನಾಗರಾಜಪ್ಪ ತೆಳ್ಳನೆಯವನನ್ನು ಬಿಟ್ಟು ಸಾಲಿಗೆಂದು ಬಂದಿದ್ದ ಬೇರೊಬ್ಬನನ್ನು ತೋರಿಸಿದರು. ತಹಶೀಲ್ದಾರರ ವರದಿಯಲ್ಲಿ ಈ ಮೂರೂ ಸಂಗತಿಗಳು ಇರಬೇಕು. ಸಾಲಿನಲ್ಲಿ ನಿಂತವರ ಹೆಸರು, ವಯಸ್ಸು, ನಿಂತ ಕ್ರಮ, ಪಂಚರ ಸಹಿ, ಸಾಕ್ಷಿಗಳು ಆಡಿದ ಮಾತು, ಆರೋಪಿಯ ಆಕ್ಷೇಪವೇನಾದರೂ ಇದ್ದರೆ ಅದು, ಎಲ್ಲವೂ ದಾಖಲಾಗಬೇಕು. ಕಾರ್ಯನಿರ್ವಾಹಕ ದಂಡಾಧಿಕಾರಿಯಾದ ತಹಶೀಲ್ದಾರರ ವರದಿಯನ್ನು, ಅವರನ್ನು ಸಾಕ್ಷಿಯಾಗಿ ಕರೆಯದೆಯೂ ಬಳಸಲು ಸಂಹಿತೆಯ 327ನೇ ಕಲಮು ಅವಕಾಶ ಕೊಡುತ್ತದೆ. ಆದರೆ ನ್ಯಾಯಾಲಯ ಬಯಸಿದರೆ ಅವರನ್ನು ಕರೆಸಬಹುದು.

ಆರೋಪಿ ಪರೇಡಿಗೆ ಬರಲು ಒಪ್ಪದಿದ್ದರೆ

ಪರೇಡಿನಲ್ಲಿ ನಿಲ್ಲಿಸುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯುವಂತೆ ಬಲವಂತ ಮಾಡಿದಂತೆ ಎಂಬ ವಾದವನ್ನು 2023ರ ಮುಕೇಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಂವಿಧಾನದ 20(3)ನೇ ವಿಧಿ ಇಲ್ಲಿ ಅಡ್ಡ ಬರುವುದಿಲ್ಲ. ಹಾಗೂ ನಿರಾಕರಿಸಿದರೆ ನ್ಯಾಯಾಲಯ ಅವನಿಗೆ ವಿರುದ್ಧವಾದ ಊಹೆ ಮಾಡಬಹುದು. ಆದರೆ ಆ ಊಹೆಯಿಂದಲೇ ಶಿಕ್ಷೆಯಾಗುವುದಿಲ್ಲ. ರೋಹ್ಟಕ್‌ನ ಕೊಲೆ ಪ್ರಕರಣವೊಂದರಲ್ಲಿ, ತಮ್ಮನ್ನು ಸಾಕ್ಷಿಗಳಿಗೆ ಆಗಲೇ ತೋರಿಸಲಾಗಿದೆ ಎಂದು ಹೇಳಿ ಆರೋಪಿಗಳು ಪರೇಡಿಗೆ ಒಪ್ಪಿರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಸಾಕ್ಷ್ಯ ನಂಬಲರ್ಹವಲ್ಲವೆಂದು ಕಂಡು ಅವರನ್ನು ಬಿಡುಗಡೆ ಮಾಡಿತು. ನಿರಾಕರಿಸುವ ಆರೋಪಿ ತನ್ನ ಕಾರಣವನ್ನು ಅಂದೇ ಲಿಖಿತವಾಗಿ ಹೇಳಬೇಕು. ಅದನ್ನು ದಾಖಲಿಸಿಕೊಳ್ಳುವುದು ಅಧಿಕಾರಿಯ ಕರ್ತವ್ಯ.

ನ್ಯಾಯಾಲಯದಲ್ಲಿ

ಸಮನ್ಸ್ ಬರುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಸರ್ಕಾರಿ ಅಭಿಯೋಜಕರು ಘಟನೆಯನ್ನು ಕೇಳಿ, ಆಮೇಲೆ ಆರೋಪಿಗಳತ್ತ ನೋಡಲು ಹೇಳುತ್ತಾರೆ. ನೀವು ಹೇಳಿದ್ದು ಸಾಮಾನ್ಯವಾಗಿ ಹೀಗೆ ಬರಹಕ್ಕೆ ಇಳಿಯುತ್ತದೆ: ‘ನ್ಯಾಯಾಲಯದ ಮುಂದೆ ಹಾಜರಿರುವ 1ನೇ ಆರೋಪಿಯನ್ನು ಗುರುತಿಸುತ್ತೇನೆ. ನನ್ನ ಕೈ ಕಟ್ಟಿ ಬಳೆ ಬಿಚ್ಚಿಸಿದವನು ಇವನೇ.’ ಜೈಲಿನಲ್ಲಿ ನಡೆದ ಪರೇಡಿನ ಬಗ್ಗೆಯೂ ಕೇಳುತ್ತಾರೆ. ಅದನ್ನು ಹೇಳುವುದು ಮರೆತರೆ ವರದಿಗೂ ನಿಮ್ಮ ಮಾತಿಗೂ ಕೊಂಡಿಯೇ ಇರುವುದಿಲ್ಲ.

ಪಾಟಿ ಸವಾಲಿನಲ್ಲಿ ಆರೋಪಿ ಪರ ವಕೀಲರು ಸರೋಜಮ್ಮನವರ ಬಾಯಿಂದ ಬರಿಸಲು ನೋಡುವುದು ಒಂದೇ ಸಂಗತಿ, ಪರೇಡಿಗೆ ಮೊದಲೇ ನೋಡಿದ್ದರು ಎಂಬುದು. ಅವರು ಒಪ್ಪಿಕೊಂಡರೆ ಅದು ಹೀಗೆ ಬರಹಕ್ಕೆ ಇಳಿಯುತ್ತದೆ: ‘ಒಡವೆ ಸಿಕ್ಕಿದೆ ಎಂದು ಪೊಲೀಸರು ಠಾಣೆಗೆ ಕರೆದಿದ್ದರು ಎಂದರೆ ಸರಿ.’ ‘ಆ ಸಮಯದಲ್ಲಿ ಆರೋಪಿಗಳು ಠಾಣೆಯಲ್ಲೇ ಇದ್ದರು ಎಂದರೆ ಸರಿ.’ ಈ ಎರಡು ಉತ್ತರಗಳು ಹೊರಬಂದರೆ ಜೈಲಿನ ಪರೇಡ್ ಕುಸಿಯುತ್ತದೆ. ಒಡವೆ ಗುರುತಿಸಲು ಸಾಕ್ಷಿಯನ್ನು ಠಾಣೆಗೆ ಕರೆಸುವ ತನಿಖಾಧಿಕಾರಿ, ಆರೋಪಿ ಅಲ್ಲಿರುವ ದಿನ ಕರೆಸಬಾರದು ಎಂಬುದು ಇದಕ್ಕಾಗಿಯೇ. ಸಾಕ್ಷಿ ಮಾತ್ರ ಸತ್ಯವನ್ನೇ ಹೇಳಬೇಕು, ಪರೇಡ್ ಉಳಿಯಲಿ ಬಿಡಲಿ.

ನ್ಯಾಯಾಧೀಶರು ಹೇಗೆ ತೂಗುತ್ತಾರೆ? ಪರೇಡ್ ನಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಕಟಕಟೆಯ ಗುರುತಿಸುವಿಕೆ ತಿರಸ್ಕೃತವಾಗುವುದಿಲ್ಲ ಎಂದು 1958ರ ಕಾಂತಾ ಪ್ರಸಾದ್ ಪ್ರಕರಣ ಹೇಳುತ್ತದೆ. ಪರೇಡಿಲ್ಲದೆ ಅಪರಿಚಿತನನ್ನು ಮೊದಲ ಬಾರಿಗೆ ನ್ಯಾಯಾಲಯದಲ್ಲಿ ಗುರುತಿಸಿದರೆ ಅದಕ್ಕೆ ಬೆಲೆಯೇ ಇಲ್ಲ ಎಂದು 1979ರ ಕಣ್ಣನ್ ಪ್ರಕರಣ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗೊಂದಲವಾಗುತ್ತದೆ. ನಂತರದ ತೀರ್ಪುಗಳು ಇದನ್ನು ಹೀಗೆ ಬಿಡಿಸಿವೆ: ಅಂಥ ಸಾಕ್ಷ್ಯ ಕಾನೂನಿನಲ್ಲಿ ಸಲ್ಲುತ್ತದೆ, ಆದರೆ ಸಾಮಾನ್ಯವಾಗಿ ದುರ್ಬಲ, ಆದ್ದರಿಂದ ಬೇರೆ ಬೆಂಬಲ ಹುಡುಕಬೇಕು. ಇದು ಎಚ್ಚರಿಕೆಯ ನಿಯಮ, ಇದಕ್ಕೆ ವಿನಾಯಿತಿಗಳಿವೆ.

ವಿನಾಯಿತಿಗೆ ಒಳ್ಳೆಯ ಉದಾಹರಣೆ 2003ರ ಮಲ್ಖಾನ್‌ಸಿಂಗ್ ಪ್ರಕರಣ. ಮಧ್ಯಪ್ರದೇಶದ ಸಾಮೂಹಿಕ ಅತ್ಯಾಚಾರದ ಈ ಪ್ರಕರಣದಲ್ಲಿ ಪರೇಡ್ ನಡೆದಿರಲಿಲ್ಲ, ಸಂತ್ರಸ್ತೆ ಆರೋಪಿಗಳನ್ನು ಗುರುತಿಸಿದ್ದು ನ್ಯಾಯಾಲಯದಲ್ಲೇ. ಅವರನ್ನು ಅಷ್ಟು ಹತ್ತಿರದಿಂದ ನೋಡಿದ ಹೆಂಗಸು, ತನ್ನ ಮೇಲೆ ಅಂಥ ಕೃತ್ಯ ಎಸಗಿದವರ ಮುಖ ಮರೆಯುವುದಿಲ್ಲ ಎಂದು ನಂಬಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಇದಕ್ಕೆ ಪೂರ್ತಿ ಎದುರಾಗಿ 2024ರ ಪಿ. ಶಶಿಕುಮಾರ್ ಪ್ರಕರಣವಿದೆ. ಅಲ್ಲಿ ಎರಡನೇ ಆರೋಪಿ ಹಸಿರು ಮಂಕಿ ಕ್ಯಾಪ್ ಹಾಕಿದ್ದ, ಸಾಕ್ಷಿಗಳಿಗೆ ಅವನ ಪರಿಚಯವಿರಲಿಲ್ಲ, ಪರೇಡ್ ನಡೆದಿರಲಿಲ್ಲ. ಕಟಕಟೆಯಲ್ಲಿ ಅವನನ್ನು ತೋರಿಸಿದ್ದು ಸಾಲದೆಂದು ಅವನನ್ನು ಬಿಡುಗಡೆ ಮಾಡಿದರು. ಎರಡೂ ಕಡೆ ನ್ಯಾಯಾಲಯ ನೋಡಿದ್ದು ಸಾಕ್ಷಿಗೆ ಆ ಮುಖ ಎಷ್ಟು ಹೊತ್ತು, ಎಷ್ಟು ಹತ್ತಿರದಿಂದ, ಎಷ್ಟು ಬೆಳಕಿನಲ್ಲಿ ಕಂಡಿತ್ತು ಎಂಬುದನ್ನು.

ಈ ತಕ್ಕಡಿಯಲ್ಲಿ ನಮ್ಮ ಪ್ರಕರಣ ಹೀಗೆ ತೂಗುತ್ತದೆ. ತೆಳ್ಳನೆಯವನ ವಿರುದ್ಧ ಸರೋಜಮ್ಮನವರ ಮಾತು ಗಟ್ಟಿ: ಹಗಲು, ಹತ್ತು ನಿಮಿಷ, ಹತ್ತಿರ, ದೂರಿನಲ್ಲೇ ಚಹರೆ, ಪರೇಡಿನಲ್ಲಿ ಗುರುತು. ಅವನಿಂದ ಬಳೆ ವಶವಾಗಿದ್ದರೆ ಇನ್ನೂ ಗಟ್ಟಿ. ನಾಗರಾಜಪ್ಪ ಪರೇಡಿನಲ್ಲಿ ತಪ್ಪಾಗಿ ತೋರಿಸಿದವರು; ಅವರು ನ್ಯಾಯಾಲಯದಲ್ಲಿ ಇವನನ್ನೇ ತೋರಿಸಿದರೂ ಅದಕ್ಕೆ ಬೆಲೆ ಸಿಗದು. ಆದರೆ ಅವರ ತಪ್ಪು ಸರೋಜಮ್ಮನವರ ಸಾಕ್ಷ್ಯವನ್ನು ತಾನಾಗಿಯೇ ಕೆಡಿಸುವುದಿಲ್ಲ. ದಪ್ಪಗಿದ್ದವನನ್ನು ಪರೇಡಿನಲ್ಲಿ ಗುರುತಿಸಲಾಗದ ಸರೋಜಮ್ಮ ಕಟಕಟೆಯಲ್ಲಿ ಅವನನ್ನೂ ತೋರಿಸಿಬಿಟ್ಟರೆ ಅಪಾಯ ಅಲ್ಲಿದೆ. ಅದು ನಿಲ್ಲುವುದಿಲ್ಲ, ಜೊತೆಗೆ ತೆಳ್ಳನೆಯವನ ಬಗ್ಗೆ ಅವರು ಹೇಳಿದ್ದನ್ನೂ ಅಲುಗಾಡಿಸುತ್ತದೆ. ಅವನ ವಿರುದ್ಧ ಬೆರಳಚ್ಚು, ವಶವಾದ ಒಡವೆ, ಬೇರೇನಾದರೂ ಪೊಲೀಸರೇ ತರಬೇಕು.

ಕೊನೆಗೆ, ನ್ಯಾಯಾಲಯಕ್ಕೆ ಹೋಗುವುದನ್ನು ತಪ್ಪಿಸಬೇಡಿ. ಪರೇಡಿನಲ್ಲಿ ಗುರುತಿಸಿಯಾಗಿದೆ, ವರದಿ ಇದೆ, ಇನ್ನು ನಾನೇಕೆ ಎಂದುಕೊಳ್ಳುವವರಿದ್ದಾರೆ. ಪರೇಡಿನಲ್ಲಿ ಗುರುತಿಸಿದ ಸಾಕ್ಷಿಯನ್ನು ವಿಚಾರಣೆಯಲ್ಲಿ ಕರೆದು ಕೇಳದಿದ್ದರೆ ಆ ವರದಿ ಬೆಲೆ ಕಳೆದುಕೊಳ್ಳುತ್ತದೆ ಎಂದು 2025ರ ಫೆಬ್ರುವರಿಯಲ್ಲಿ ವಿನೋದ್ ಅಲಿಯಾಸ್ ನಸ್ಮುಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಹೋಗಿಯೂ ಮುಖ ನೆನಪಾಗದಿದ್ದರೆ, ಅಂದು ಪರೇಡಿನಲ್ಲಿ ಒಬ್ಬನನ್ನು ಗುರುತಿಸಿದ್ದೆ, ಈಗ ಖಚಿತವಾಗಿ ಹೇಳಲಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಆಗ ತಹಶೀಲ್ದಾರರ ವರದಿಯೊಂದರ ಮೇಲೆ ಅವನಿಗೆ ಶಿಕ್ಷೆಯಾಗುವುದಿಲ್ಲ. ಅಭಿಯೋಜನೆ ಉಳಿದ ಸಾಕ್ಷ್ಯದ ಬಲದಿಂದಲೇ ಪ್ರಕರಣವನ್ನು ಸಾಬೀತು ಮಾಡಬೇಕಾಗುತ್ತದೆ.